ಯಾಕುಜ 3, 4, 5 ಆಡದೆ ಕಿರ್ಯು ಕಥೆ ಮುಗಿಸಿದ ಬಗೆ

ಯಾಕುಜ ವಿಡಿಯೋ ಗೇಮ್ ಸರಣಿ ಆಡಿದವರನ್ನು ಕೇಳಿದರೆ ಉತ್ತರ ಒಂದೇ: "0ಯಿಂದ ಶುರು ಮಾಡು, ಒಂದನ್ನೂ ಬಿಡಬೇಡ." ನನ್ನ ಚಿಕ್ಕಪ್ಪನ ಮಗನಿಗೆ ಬೇಕಿದ್ದದ್ದು ಅದೇ ಸರಣಿಯ 2024ರ ಆಟ ಇನ್ಫಿನಿಟ್ ವೆಲ್ತ್, ಅದರ ಹವಾಯಿ. ಮೂರು ಆಟ ಬಿಟ್ಟು ಅವನನ್ನು ಅಲ್ಲಿಗೆ ಕರ್ಕೊಂಡು ಹೋಗ್ತೀನಿ ಅಂದಾಗ ಗೆಳೆಯರೆಲ್ಲ ನಕ್ಕಿದ್ದರು. ಈಗ ಕೆಲಸ ಆಗಿದೆ, ಹಾಗಾಗಿ ಬರೀತಿದ್ದೀನಿ. ಕಥೆಯ ಗುಟ್ಟುಗಳು ರಟ್ಟಾಗುತ್ತವೆ, ಮೊದಲೇ ಹೇಳಿದೆ.

ಜನ ಆಟ ಬಿಟ್ಟು ಓಡೋದು 3ರಲ್ಲಿ. 2ನೇ ಆಟವನ್ನು ಹೊಸದಾಗಿ ಮಾಡಿದ 2017ರ ಕಿವಾಮಿ 2 ಆಡಿದ ಕೈಗೆ 2009ರ ಆಟ ಸಿಕ್ಕರೆ ಇನ್ನೇನಾಗುತ್ತೆ? ಎದುರಾಳಿಗಳು ಹೊಡೆತವನ್ನೆಲ್ಲ ತಡೀತಾನೇ ಇರುತ್ತಾರೆ. ಅದನ್ನು ದಾಟಿದರೂ ಐದು ನಾಯಕರ 5 ಕಾದಿರುತ್ತೆ, ಮುಖ್ಯ ಕಥೆಗೇ ಸುಮಾರು 40 ಗಂಟೆ. ನನಗೆ ಗೊತ್ತಿರುವ ಮೂವರು ಅಲ್ಲೇ ನಿಂತರು.

ಮೊದಲು ಒಂದು ಗಂಟೆಯ ಸಾರಾಂಶದ ವಿಡಿಯೋ ತೋರಿಸಿದೆ. ದಂಡ. ಅರ್ಧ ದಾರಿಯಲ್ಲೇ, "ಅಣ್ಣಾ, ಇವರಲ್ಲಿ ತೋಜೋ ಗ್ಯಾಂಗ್‌ನವರು ಯಾರು, ಓಮಿ ಗ್ಯಾಂಗ್‌ನವರು ಯಾರು?" ಅಂತ ಶುರು ಮಾಡಿದ. ಆಮೇಲೆ ಸೀದಾ 7 ಕೊಟ್ಟು ನೋಡಿದೆ. ನಾಯಕ ಕಸುಗ ಹೊಸಬ, ಹಾಗಾಗಿ ಬಹಳ ದೂರ ಚೆನ್ನಾಗಿಯೇ ಹೋಯಿತು. ಆದರೆ ಕೊನೆಯ ಭಾಗದಲ್ಲಿ, ಒಸಾಕಾದಲ್ಲಿ, ಸರಣಿಯ ಹಳೆಯ ನಾಯಕ ಕಿರ್ಯುವಿನ ಜೊತೆಗಾರರಾದ ಮಜಿಮ ಮತ್ತು ಸಾಯೆಜಿಮ ಎದುರು ನಿಂತಾಗ ಅವನಿಗೆ ಅದು ಬರೀ ಇನ್ನೊಂದು ಹೊಡೆದಾಟ. ನಮಗೆ ಅಲ್ಲಿ ಮೈ ಜುಮ್ ಅಂದಿತ್ತು, ಅಲ್ವಾ? ಅಲ್ಲೇ ನಿಲ್ಲಿಸಿದೆವು.

ಆಗ ಹೊಳೆದದ್ದು ಇದು. ಈ ಸರಣಿಯಲ್ಲಿ ಪ್ರತಿ ಆಟದ ಪಿತೂರಿ ಹೆಚ್ಚುಕಡಿಮೆ ಆ ಆಟದಲ್ಲೇ ಮುಗಿಯುತ್ತೆ. ಖಳನಾಯಕರು ಅಲ್ಲೇ ಸಾಯುತ್ತಾರೆ ಇಲ್ಲವೇ ಜೈಲಿಗೆ ಹೋಗುತ್ತಾರೆ. ಮುಂದಿನದಕ್ಕೆ ದಾಟೋದು ಜನ ಮಾತ್ರ. ಹಾಗಾಗಿ ಪಿತೂರಿ ಪೂರ್ತಿ ಬಿಟ್ಟೆ. ಬಿಟ್ಟ ಪ್ರತಿ ಆಟಕ್ಕೂ ಎರಡೇ ಪ್ರಶ್ನೆ: ಕೊನೆಯಲ್ಲಿ ಯಾರು ಎಲ್ಲಿದ್ದಾರೆ, ಕಿರ್ಯು ಯಾರಿಗಾಗಿ ಏನು ಬಿಟ್ಟುಕೊಟ್ಟ?

0, ಕಿವಾಮಿ, ಕಿವಾಮಿ 2 ಮಾತ್ರ ಆಡಲೇಬೇಕು. ಮೂರೂ ಸೇಲ್‌ನಲ್ಲಿ ಸೇರಿ ಸಾವಿರ ರೂಪಾಯಿ ಒಳಗೇ ಬಂದ ನೆನಪು. ಬಿಡುಗಡೆಯಾದ ಸಾಲಿನಲ್ಲೇ ಹೋಗಬೇಕು ಅನ್ನೋ ಇನ್ನೊಬ್ಬ ಗೆಳೆಯನ ಮೇಲೆ, ಸರಣಿಯ ಮೊದಲ ಆಟವನ್ನೇ ಹೊಸದಾಗಿ ಮಾಡಿದ ಕಿವಾಮಿ ಮೊದಲು, 0 ಆಮೇಲೆ ಅಂತ ಪ್ರಯೋಗ ಮಾಡಿದ್ದೆ. ಅವನಿಗೆ ನಿಶಿಕಿಯಾಮ ಬರೀ ಕೆಟ್ಟವನಾಗಿ ಕಂಡ. 0 ಮೊದಲು ಆಡಿದವರಿಗೆ ಅವನು ಕಿರ್ಯುವಿನ ಅಣ್ಣತಮ್ಮನಂಥ ಗೆಳೆಯ. ಕಿವಾಮಿ ತಯಾರಾದದ್ದೇ 0 ಬಂದ ಮೇಲೆ, ಹಾಗಾಗಿ ಅದು ಆ ಗೆಳೆತನವನ್ನು ನಂಬಿಕೊಂಡೇ ಸಾಗುತ್ತೆ.

ಇನ್ನು ಬಿಟ್ಟ ಮೂರು. 3ರಿಂದ ಬೇಕಾದದ್ದು ಕಿರ್ಯು ನಡೆಸುವ ಒಕಿನಾವಾದ ಅನಾಥಾಲಯ ಮತ್ತು ಅಲ್ಲಿನ ಮಕ್ಕಳು. ಶುರುವಿನ ಸಮುದ್ರ ತೀರದ ದೃಶ್ಯಗಳು ಸಾಕು. 4ರಿಂದ ಸಾಲ ಕೊಡುವ ಅಕಿಯಾಮ ಮತ್ತು ಸಾಯೆಜಿಮ. 0ರಲ್ಲಿ ಮಜಿಮನ ಕಣ್ಣು ಹೋದ ಕಾರಣದ ಜೊತೆ ಕೇಳಿದ ಹೆಸರೇ ಸಾಯೆಜಿಮ. ಸಾಯೆಜಿಮ ಒಬ್ಬನೇ ಎದುರಾಳಿ ಗ್ಯಾಂಗ್ ಮೇಲೆ ನುಗ್ಗಿದ 1985ರ ಆ ರಾತ್ರಿಗೆ ಮಜಿಮ ಯಾಕೆ ಬರಲಿಲ್ಲ ಅನ್ನೋ ಮಾತು ಇಬ್ಬರ ನಡುವೆ ಬಗೆಹರಿಯೋದು 4ರಲ್ಲಿ. ಅದೊಂದು ಭೇಟಿ ತೋರಿಸಿದರೆ ಒಸಾಕಾದ ಹೊಡೆದಾಟಕ್ಕೆ ಜೀವ ಬರುತ್ತೆ.

5ರಲ್ಲಿ ಕಿರ್ಯು ಹೆಸರು ಬದಲಿಸಿಕೊಂಡು ಫುಕುವೋಕಾದಲ್ಲಿ ಟ್ಯಾಕ್ಸಿ ಓಡಿಸ್ತಾನೆ, ತಾನು ಸಾಕಿದ ಹರುಕ ಗಾಯಕಿಯಾಗಲಿ ಅಂತ ದೂರ ಇರ್ತಾನೆ. ಆ ಒಂದು ಸಾಲು ಹೇಳಿ, ಕೊನೆಯ ಸಂಗೀತ ಕಾರ್ಯಕ್ರಮವನ್ನು ಮಾತ್ರ ಪೂರ್ತಿ ತೋರಿಸಿದೆ. ಅವಳು ವೇದಿಕೆ ಮೇಲೆ ನಿಂತು ಕಿರ್ಯು ತನ್ನ ಕುಟುಂಬದವನು ಅಂತ ಹೇಳೋದನ್ನು ನೋಡದಿದ್ದರೆ, 6ರ ಮೊದಲ ಗಂಟೆಯಲ್ಲಿ ಎಲ್ಲರೂ ಅವಳ ಬೆನ್ನು ಬಿದ್ದಿರೋದು ಯಾಕೆ ಅಂತ ತಿಳಿಯಲ್ಲ. ಮೂರೂ ಸೇರಿ ಎರಡು ಗಂಟೆ ಚಿಲ್ಲರೆ ಆಯ್ತು. ದೃಶ್ಯಗಳನ್ನು ಎಲ್ಲೆಲ್ಲಿ ಕತ್ತರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಆಮೇಲೆ 6 ಆಡಿಸಿದೆ, ನಿಲ್ಲಿಸಿದ್ದ 7 ಮುಗಿಸಿದ, ನಂತರ ಗೈಡೆನ್. ಗೈಡೆನ್‌ನ ಕಥೆ 7ರ ಒಸಾಕಾ ಘಟನೆಗೆ ಬಂದು ಸೇರುತ್ತೆ, ಹಾಗಾಗಿ ಅದು 7ರ ಆಮೇಲೇ. ಚಿಕ್ಕದು, ಹೆಚ್ಚೆಂದರೆ ಹದಿನೈದು ಗಂಟೆ.

ನಿಜವಾದ ಪರೀಕ್ಷೆ ಇನ್ಫಿನಿಟ್ ವೆಲ್ತ್‌ನಲ್ಲಿ. ಅಲ್ಲಿ ಕಾಯಿಲೆ ಬಿದ್ದ ಕಿರ್ಯು ಊರು ಸುತ್ತುತ್ತಾ ಹಳೆಯದನ್ನು ನೆನಪಿಸಿಕೊಳ್ಳುವ ಜಾಗಗಳಿವೆ. ಹುಡುಗ ಪಕ್ಕದಲ್ಲಿ ಕೂತು ಹೆಸರು ಹೇಳ್ತಾ ಹೋದ. ನಿಶಿಕಿಯಾಮ, ಹರುಕ, ಒಕಿನಾವಾದ ಮಕ್ಕಳು, ಅಕಿಯಾಮ ಎಲ್ಲ ಗೊತ್ತಾಯ್ತು. 3ರಿಂದ 5ರವರೆಗಿನ ಸಣ್ಣಪುಟ್ಟ ಉಪಕಥೆಗಳ ಜನ ಬಂದಾಗ ಮಾತ್ರ ಸುಮ್ನೆ ಬಟನ್ ಒತ್ತಿ ಮುಂದೆ ಹೋದ. ಅಷ್ಟು ನಷ್ಟ ಇದ್ದೇ ಇದೆ. 4ರ ಪೊಲೀಸ್ ತನಿಮುರನನ್ನು ನಾನು ಪೂರ್ತಿ ಕೈಬಿಟ್ಟಿದ್ದೆ, ಅವನ ಬಗ್ಗೆ ಹುಡುಗ ಇವತ್ತಿಗೂ ಒಂದು ಪ್ರಶ್ನೆ ಕೇಳಿಲ್ಲ.