ಸಾಕ್ಷಿಯ ನಡತೆ ಬಿಟ್ಟು ಅವನ ಮಾತು ಹಿಡಿದ ಒಂದು ಪಾಟೀಸವಾಲು

ಮುಂಬೈಯ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ನನ್ನ ಹತ್ತಿರ ಬರುವ ಕಕ್ಷಿದಾರರಲ್ಲಿ ಹೋಟೆಲಿನವರೇ ಜಾಸ್ತಿ. ಕುಂದಾಪುರ, ಉಡುಪಿ, ಕಾರ್ಕಳ ಕಡೆಯವರು. ಇಲ್ಲಿ ಹೇಳುವುದು ಅಂಥದ್ದೇ ಒಂದು ಕೇಸು. ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಾಯಿಸಿದ್ದೇನೆ.

ಹೋಟೆಲಿನ ಕ್ಯಾಶಿಯರ್ ಮೇಲೆ ಕಳ್ಳತನದ ಆರೋಪ. ರಾತ್ರಿ ಹೋಟೆಲು ಮುಚ್ಚುವ ಹೊತ್ತಿಗೆ ಗಲ್ಲಾದಿಂದ 46,000 ರೂಪಾಯಿ ತೆಗೆದ ಎಂದು ಮಾಲೀಕರ ದೂರು. ಐಪಿಸಿ 381, ಅಂದರೆ ಕೆಲಸದವನು ಯಜಮಾನನ ಸ್ವತ್ತು ಕದಿಯುವುದು. ಹಣ ಸಿಕ್ಕಿರಲಿಲ್ಲ. ಸಿಸಿಟಿವಿ ಆ ವಾರ ಕೆಟ್ಟಿತ್ತು. ಕಣ್ಣಾರೆ ಕಂಡವನು ಒಬ್ಬನೇ, ಅದೇ ಹೋಟೆಲಿನ ಸಪ್ಲೈಯರ್. ಕೇಸು ನಿಲ್ಲುವುದೂ ಬೀಳುವುದೂ ಅವನ ಮಾತಿನ ಮೇಲೆ.

ಪಾಟೀಸವಾಲಿನ ಹಿಂದಿನ ಸಂಜೆ ಆರೋಪಿಯ ಅಣ್ಣ ಆಫೀಸಿಗೆ ಬಂದರು. "ಆ ಹುಡುಗ ಸರಿ ಇಲ್ಲ ಮಾರಾಯ್ರೆ. ಹಿಂದಿನ ಹೋಟೆಲಿನಲ್ಲಿ ಕದ್ದು ಸಿಕ್ಕಿಬಿದ್ದು ಕೆಲಸ ಕಳಕೊಂಡವ. ಕುಡೀತಾನೆ. ಹೆಂಡತಿ ಬಿಟ್ಟು ಹೋಗಿದ್ದಾಳೆ. ನಾಳೆ ಕೋರ್ಟಲ್ಲಿ ಅವನ ಮರ್ಯಾದೆ ಪೂರ್ತಿ ತೆಗೀಬೇಕು" ಎಂದರು. ತಮ್ಮನ ಸಂಕಟ ನೋಡಿ ಬೆಂದ ಮನುಷ್ಯ. ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಆದರೂ ಮೂರು ಮಾತನ್ನೂ ಒಂದೊಂದಾಗಿ ಅವರ ಮುಂದೆಯೇ ತೂಗಿ ನೋಡಿದೆ.

ಹೆಂಡತಿ ಬಿಟ್ಟು ಹೋದದ್ದಕ್ಕೂ ಆ ರಾತ್ರಿ ಗಲ್ಲಾ ಹತ್ತಿರ ನಡೆದದ್ದಕ್ಕೂ ಸಂಬಂಧವೇ ಇಲ್ಲ. ಅವಮಾನ ಮಾಡುವುದಕ್ಕೆಂದೇ ಕೇಳುವ ಪ್ರಶ್ನೆಯನ್ನು ಕೋರ್ಟು ತಡೆಯಲೇಬೇಕು. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದು ಕಲಂ 152. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಕಲಂ 155. ನಮ್ಮ ವಿಚಾರಣೆ ಮೊದಲೇ ಶುರುವಾಗಿದ್ದರಿಂದ ಹಳೆಯ ಕಾಯ್ದೆಯೇ ನಡೆಯಿತು. ಪ್ರಶ್ನೆ ಸರಿಯಾದದ್ದೇ ಆಗಿದ್ದರೂ, ಕೇಳುವ ರೀತಿ ಸುಮ್ನೆ ಚುಚ್ಚುವಂತಿದ್ದರೆ ಅದನ್ನೂ ತಡೆಯಬೇಕು ಎಂದು ಅದೇ ಕಲಂ ಹೇಳುತ್ತದೆ. ಅತ್ಯಾಚಾರದಂಥ ಕೇಸುಗಳಲ್ಲಂತೂ ಒಪ್ಪಿಗೆ ಇತ್ತೋ ಇಲ್ಲವೋ ಎಂಬ ಪ್ರಶ್ನೆ ಬಂದಾಗ, ಸಂತ್ರಸ್ತೆಯ ನಡತೆ ಅಥವಾ ಹಿಂದಿನ ಸಂಬಂಧಗಳ ಬಗ್ಗೆ ಪಾಟೀಸವಾಲು ಮಾಡುವಂತೆಯೇ ಇಲ್ಲ.

ಕುಡಿತದ ಮಾತು ಬೇರೆ. ಆ ರಾತ್ರಿ ಕುಡಿದಿದ್ದ ಎನ್ನುವುದಕ್ಕೆ ಏನಾದರೂ ಆಧಾರ ಇದ್ದರೆ ಅದು ಅವನು ಏನು ನೋಡಬಲ್ಲ ಎನ್ನುವುದಕ್ಕೆ ನೇರವಾಗಿ ತಾಗುತ್ತದೆ. "ಆ ರಾತ್ರಿ ಕುಡಿದಿದ್ದನ್ನು ಯಾರಾದರೂ ನೋಡಿದ್ದಾರಾ?" ಎಂದು ಕೇಳಿದೆ. ಯಾರೂ ಇಲ್ಲ. ಹಾಗಾದರೆ ಅದೂ ಬೇಡ.

ಉಳಿದದ್ದು ಹಿಂದಿನ ಹೋಟೆಲಿನ ಕಳ್ಳತನ. ಇದು ಎಲ್ಲರಿಗೂ ದೊಡ್ಡ ಅಸ್ತ್ರದ ಹಾಗೆ ಕಾಣುತ್ತದೆ, ಅಲ್ವಾ? ಇಲ್ಲಿ ಎರಡು ಬೇಲಿಗಳಿವೆ. ಮೊದಲನೆಯದು ಕಲಂ 149, ಹೊಸದರಲ್ಲಿ 152. ಸಾಕ್ಷಿಯ ಹೆಸರು ಕೆಡಿಸುವ ಪ್ರಶ್ನೆ ಕೇಳಬೇಕಾದರೆ, ಆ ಆರೋಪ ನಿಜ ಇರಬಹುದು ಎಂದು ನಂಬುವುದಕ್ಕೆ ವಕೀಲನ ಹತ್ತಿರ ತಕ್ಕ ಕಾರಣ ಇರಬೇಕು. ಕಾಯ್ದೆಯೇ ಡಕಾಯಿತನ ಉದಾಹರಣೆ ಕೊಡುತ್ತದೆ. ಕೋರ್ಟಿನಲ್ಲಿರುವ ಯಾರೋ ಒಬ್ಬರು ಈ ಸಾಕ್ಷಿ ಡಕಾಯಿತ ಎಂದರು ಅನ್ನಿ. ವಕೀಲ ಅವರನ್ನು ವಿಚಾರಿಸಿದ, ಅವರು ಒಪ್ಪುವಂಥ ಕಾರಣ ಕೊಟ್ಟರು. ಆಗ ಪ್ರಶ್ನೆ ಕೇಳಬಹುದು. ಯಾರ ಬಗ್ಗೆ ನಮಗೆ ಏನೂ ಗೊತ್ತಿಲ್ಲವೋ ಅಂಥ ಸಾಕ್ಷಿಗೆ ಸುಮ್ನೆ ಗುರಿಯಿಲ್ಲದೆ "ನೀನು ಡಕಾಯಿತನಾ?" ಎಂದರೆ ಅದಕ್ಕೆ ತಕ್ಕ ಕಾರಣ ಇಲ್ಲ. ಹಾಗೆ ಕೇಳಿದ ವಕೀಲನ ಬಗ್ಗೆ ಹೈಕೋರ್ಟಿಗೆ ವರದಿ ಕಳಿಸುವ ಅಧಿಕಾರವೂ ನ್ಯಾಯಾಧೀಶರಿಗೆ ಇದೆ. ಹಾಗಾಗಿ ಅಣ್ಣನನ್ನು ಕೇಳಿದೆ: ಯಾವ ಹೋಟೆಲು, ಯಾವ ವರ್ಷ, ಯಾರು ಹೇಳಿದ್ದು, ಪೊಲೀಸ್ ಕಂಪ್ಲೇಂಟ್ ಆಗಿತ್ತಾ? "ಊರಲ್ಲಿ ಎಲ್ಲರೂ ಹೇಳ್ತಾರೆ" ಎನ್ನುವುದಕ್ಕಿಂತ ಮುಂದೆ ಮಾತು ಹೋಗಲಿಲ್ಲ.

ಎರಡನೆಯ ಬೇಲಿ ಇನ್ನೂ ಮುಖ್ಯ. ಆಧಾರ ಇದ್ದು ಕೇಳಿದೆ ಎಂದೇ ಇಟ್ಟುಕೊಳ್ಳೋಣ. ಸಾಕ್ಷಿ "ಇಲ್ಲ" ಎಂದರೆ? ಅಲ್ಲಿಗೆ ಮುಗಿಯಿತು. ಅವನ ನಡತೆಗೆ ಧಕ್ಕೆ ತರುವುದಕ್ಕಾಗಿ ಮಾತ್ರ ಕೇಳಿದ ಪ್ರಶ್ನೆಗೆ ಅವನು ಕೊಟ್ಟ ಉತ್ತರವನ್ನು ಸುಳ್ಳು ಮಾಡಲು ಬೇರೆ ಸಾಕ್ಷಿ ತರುವಂತಿಲ್ಲ. ಇದು ಕಲಂ 153, ಈಗಿನ 156. ಕಾಯ್ದೆಯ ಉದಾಹರಣೆ ಹೆಚ್ಚು ಕಡಿಮೆ ನಮ್ಮ ಕೇಸೇ: ಅಪ್ರಾಮಾಣಿಕತೆಗಾಗಿ ಕೆಲಸದಿಂದ ತೆಗೆದಿದ್ದರೇ ಎಂದು ಕೇಳಿದಾಗ ಸಾಕ್ಷಿ ಅಲ್ಲಗಳೆದರೆ, ತೆಗೆದಿದ್ದರು ಎಂದು ತೋರಿಸುವ ಪುರಾವೆ ನಡೆಯುವುದಿಲ್ಲ. ಅವನೇನಾದರೂ ಬೇಕೆಂದೇ ಸುಳ್ಳು ಹೇಳಿದ್ದರೆ ಮುಂದೆ ಸುಳ್ಳು ಸಾಕ್ಷ್ಯದ ಆರೋಪ ಬರಬಹುದು, ಅದು ಬೇರೆ ವಿಷಯ. ನಮ್ಮ ರೆಕಾರ್ಡಿನಲ್ಲಿ ಉಳಿಯುವುದು ಅವನ "ಇಲ್ಲ" ಮಾತ್ರ.

ಇದಕ್ಕೆ ಎರಡು ವಿನಾಯಿತಿ ಇವೆ. ಹಿಂದೆ ಶಿಕ್ಷೆಯಾದದ್ದನ್ನು ಅಲ್ಲಗಳೆದರೆ ತೀರ್ಪಿನ ನಕಲು ತಂದು ತೋರಿಸಬಹುದು. ಸಾಕ್ಷಿಗೆ ಪಕ್ಷಪಾತ ಇದೆ ಎನ್ನುವಂಥ ಪ್ರಶ್ನೆಗೆ ಇಲ್ಲ ಎಂದರೆ ಅದನ್ನೂ ಪುರಾವೆ ಕೊಟ್ಟು ಮುರಿಯಬಹುದು. ನಾನು ಹಿಡಿದದ್ದು ಈ ಎರಡನೆಯ ದಾರಿ. ಯಾಕೆಂದರೆ ಅಣ್ಣ ಎದ್ದು ಹೋಗುವಾಗ ಆಡಿದ ಒಂದು ಮಾತು ಉಳಿದದ್ದೆಲ್ಲಕ್ಕಿಂತ ತೂಕದ್ದಾಗಿತ್ತು. "ಈಗ ಗಲ್ಲಾದಲ್ಲಿ ಕೂತಿರುವುದೂ ಅವನೇ" ಎಂದರು.

ಮರುದಿನ ಮೊದಲು ಸರ್ಕಾರಿ ವಕೀಲರ ಮುಖ್ಯ ವಿಚಾರಣೆ. ಹೆಸರು, ಕೆಲಸ, ಎಷ್ಟು ವರ್ಷದಿಂದ ಇದ್ದೀರಿ ಎನ್ನುವುದನ್ನೆಲ್ಲ ಅವರು ಲೀಡಿಂಗ್ ಆಗಿಯೇ, ಅಂದರೆ ಉತ್ತರವನ್ನೂ ಪ್ರಶ್ನೆಯೊಳಗೇ ಇಟ್ಟು ಕೇಳಿದರು. ಅದಕ್ಕೆ ನಾನು ಅಡ್ಡಿ ಮಾಡಲಿಲ್ಲ. ಪೀಠಿಕೆಯ, ತಕರಾರಿಲ್ಲದ ವಿಷಯಕ್ಕೆ ಕಾಯ್ದೆಯೇ ಅದನ್ನು ಬಿಡುತ್ತದೆ. ಆಮೇಲೆ "ಆರೋಪಿ ಗಲ್ಲಾದಿಂದ 500ರ ಎರಡು ಕಟ್ಟು ತೆಗೆದು ಬ್ಯಾಗಿಗೆ ಹಾಕಿದ್ದನ್ನು ನೋಡಿದೆ, ಹೌದಾ?" ಎಂದರು. ಉತ್ತರ ಬರುವ ಮೊದಲೇ ಎದ್ದು ಆಕ್ಷೇಪಿಸಿದೆ. ಕೇಸಿನ ಜೀವಾಳವನ್ನೇ ಸಾಕ್ಷಿಯ ಬಾಯಿಗೆ ಇಡುವ ಪ್ರಶ್ನೆ ಅದು. ಮುಖ್ಯ ವಿಚಾರಣೆಯಲ್ಲಿ ಎದುರಾಳಿ ಆಕ್ಷೇಪಿಸಿದರೆ ಕೋರ್ಟಿನ ಅನುಮತಿ ಇಲ್ಲದೆ ಅದನ್ನು ಕೇಳುವಂತಿಲ್ಲ. ಪ್ರಶ್ನೆ "ಆಮೇಲೆ ಏನು ನೋಡಿದೆ?" ಎಂದು ಬದಲಾಯಿತು. ಸಾಕ್ಷಿ ಆದರೂ ಅದನ್ನೇ ಹೇಳಿದ. ಆದರೆ ಹುಡುಕಿ ಹುಡುಕಿ ಹೇಳಿದ್ದನ್ನು ನ್ಯಾಯಾಧೀಶರು ನೋಡಿದರು. ಈ ಆಕ್ಷೇಪ ಉತ್ತರ ಬಂದ ಮೇಲೆ ಎತ್ತಿದರೆ ಹೆಚ್ಚು ಪ್ರಯೋಜನ ಇಲ್ಲ.

ಪಾಟೀಸವಾಲಿನಲ್ಲಿ ಲೀಡಿಂಗ್ ಪ್ರಶ್ನೆ ನಮ್ಮ ಹಕ್ಕು. ಆದರೆ ಲೀಡಿಂಗ್ ಬೇರೆ, ದಾರಿ ತಪ್ಪಿಸುವುದು ಬೇರೆ. "ಮಾಲೀಕರು ಹೇಳಿಕೊಟ್ಟ ಮೇಲೆ ನೀನು ಸ್ಟೇಷನ್ನಿಗೆ ಎಷ್ಟು ಗಂಟೆಗೆ ಹೋದೆ?" ಎಂದರೆ, ಹೇಳಿಕೊಟ್ಟರು ಎಂಬ ಸಾಬೀತಾಗದ ಸಂಗತಿಯನ್ನು ಮೊದಲೇ ಒಳಗೆ ಸೇರಿಸಿದ ಹಾಗಾಯಿತು. ಅದು ಹಕ್ಕಿನೊಳಗೆ ಬರುವುದಿಲ್ಲ. ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ ಇಡುವುದು ನನ್ನ ರೂಢಿ. ಇಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಇದೆ. ಸಾಕ್ಷಿ ಹಿಂದಿಯಲ್ಲಿ ಮಾತಾಡುತ್ತಾನೆ, ನಡುವೆ ತುಳು ಬರುತ್ತದೆ. ಹೇಳಿಕೆ ಮರಾಠಿಯಲ್ಲಿ, ಕಥನದ ರೂಪದಲ್ಲಿ ಟೈಪ್ ಆಗುತ್ತದೆ. ಒಂದೇ ಪ್ರಶ್ನೆಗೆ ಮೂರು ಸಂಗತಿ ತುರುಕಿದರೆ "ಅಸೆ ಮ್ಹಣಣೆ ಖರೆ ನಾಹಿ ಕೀ", ಅಂದರೆ ಹೀಗೆನ್ನುವುದು ನಿಜವಲ್ಲ ಎಂದು ಮೂರನ್ನೂ ಒಟ್ಟಿಗೆ ಅಲ್ಲಗಳೆದ ಹಾಗೆ ದಾಖಲಾಗುತ್ತದೆ. ಒಪ್ಪಬಹುದಾಗಿದ್ದ ಎರಡೂ ಅದರ ಜೊತೆ ಹೋಗುತ್ತವೆ.

ಹಾಗಾಗಿ ಹೀಗೆ ಹೋದೆ. ಮುಚ್ಚುವ ಹೊತ್ತಿಗೆ ಮುಂದಿನ ಲೈಟು ಆರಿಸುತ್ತೀರಿ? ಹೌದು. ಆ ರಾತ್ರಿಯೂ ಆರಿಸಿದ್ದಿರಿ? ಹೌದು. ನೀವು ಒಳಗಿನ ಟೇಬಲ್ ಒರೆಸುತ್ತಿದ್ದಿರಿ? ಹೌದು. ಗಲ್ಲಾದ ಮುಂದೆ ಎದೆಮಟ್ಟದ ಕೌಂಟರ್ ಇದೆ? ಇದೆ. ಇಲ್ಲಿಗೆ ನಿಲ್ಲಿಸಿದೆ. "ಹಾಗಾದರೆ ಹೇಗೆ ಕಂಡಿತು?" ಎಂದು ಕೇಳಲಿಲ್ಲ. ಆ ಪ್ರಶ್ನೆ ಕೇಳಿದರೆ ಅವನಿಗೆ ವಿವರಣೆ ಕೊಡುವ ಅವಕಾಶ ನಾನೇ ಮಾಡಿಕೊಟ್ಟ ಹಾಗೆ. ಆ ಮಾತು ವಾದ ಮಂಡಿಸುವಾಗ ನಾನು ಆಡಬೇಕಾದದ್ದು.

ಮುಂದೆ ಪೊಲೀಸ್ ಹೇಳಿಕೆ. ಅದರಲ್ಲಿ "ಆರೋಪಿ ಬ್ಯಾಗ್ ಹಿಡಿದು ಗಲ್ಲಾ ಹತ್ತಿರ ನಿಂತಿದ್ದ" ಎಂದಷ್ಟೇ ಇತ್ತು. ನೋಟಿನ ಕಟ್ಟು ಬ್ಯಾಗಿಗೆ ಹಾಕಿದ ಮಾತೇ ಇಲ್ಲ. "ಕಟ್ಟು ಬ್ಯಾಗಿಗೆ ಹಾಕಿದ್ದನ್ನು ಪೊಲೀಸರಿಗೆ ಹೇಳಿದ್ದಿರಾ?" ಎಂದು ಕೇಳಿದೆ. ಹೇಳಿದ್ದೆ ಎಂದ. ಹೇಳಿಕೆಯನ್ನು ಓದಿ ತೋರಿಸಿದೆ. ಹೇಳಿದ್ದೆ, ಯಾಕೆ ಬರೆದಿಲ್ಲವೋ ಕಾರಣ ಹೇಳಲಾರೆ ಎಂದ. ಅದು ದಾಖಲಾಯಿತು. ಆದರೆ ಕೆಲಸ ಇಲ್ಲಿಗೆ ಅರ್ಧ ಮಾತ್ರ. ಪೊಲೀಸ್ ಹೇಳಿಕೆ ತಾನಾಗಿ ಪುರಾವೆ ಆಗುವುದಿಲ್ಲ. ತನಿಖಾಧಿಕಾರಿ ಸಾಕ್ಷಿಕಟ್ಟೆಗೆ ಬಂದಾಗ "ಈ ಸಾಕ್ಷಿ ನಿಮ್ಮ ಮುಂದೆ ಹಾಗೆ ಹೇಳಿರಲಿಲ್ಲ" ಎಂದು ಅವರ ಬಾಯಿಂದ ಬರಿಸಬೇಕು. ನಾನು ಅದನ್ನು ನನ್ನ ಕಡತದ ಮೇಲುಹಾಳೆಯಲ್ಲಿ ಕೆಂಪಿನಲ್ಲಿ ಬರೆದಿಟ್ಟುಕೊಂಡೆ. ಎರಡು ಸಾಕ್ಷಿಗಳ ನಡುವೆ ತಿಂಗಳುಗಟ್ಟಲೆ ಅಂತರ ಇರುತ್ತದೆ. ಬೇರೆ ಬೇರೆ ವಕೀಲರು ಹಾಜರಾಗುವ ಕೇಸುಗಳಲ್ಲಿ ಬಿಟ್ಟುಹೋಗುವುದು ಇದೇ.

ಕೊನೆಗೆ ಗಲ್ಲಾದ ಮಾತು. ಆಗ ನೀವು ಸಪ್ಲೈಯರ್? ಹೌದು. ಈಗ ಕ್ಯಾಶಿಯರ್? ಹೌದು. ಆರೋಪಿಯನ್ನು ತೆಗೆದ ಮೇಲೆ ಆ ಜಾಗ ನಿಮಗೆ ಸಿಕ್ಕಿತು? ಹೌದು. ಸಂಬಳ ಹೆಚ್ಚಾಯಿತು? ಇಲ್ಲ ಎಂದ. ಇಲ್ಲಿ ಬೇಲಿ ಇಲ್ಲ. ಮಾಲೀಕರ ಸರದಿ ಬಂದಾಗ ಸಂಬಳದ ರಿಜಿಸ್ಟರ್ ತರಿಸಿ, ಹೆಚ್ಚಾದದ್ದನ್ನು ಅವರಿಂದಲೇ ದಾಖಲು ಮಾಡಿಸಿದೆ. ಹಿಂದಿನ ಹೋಟೆಲಿನ ಕಥೆಗೆ ಈ ಅವಕಾಶ ಎಂದೂ ಸಿಗುತ್ತಿರಲಿಲ್ಲ.

ನಡೆದದ್ದು ಹೀಗೆ ಎಂದು ನಮ್ಮ ಪಕ್ಷವನ್ನು ಸಾಕ್ಷಿಯ ಮುಂದೆ ಇಟ್ಟು ಹೌದೋ ಅಲ್ಲವೋ ಎಂದು ಕೇಳುವುದಕ್ಕೆ ಕೋರ್ಟಿನಲ್ಲಿ ಸಲಹೆ ಎನ್ನುತ್ತೇವೆ. ಅದರಲ್ಲಿ ಬಹಳ ಎಚ್ಚರ ಬೇಕು. ಆರೋಪಿಯ ಮನೆಯವರು "ಅದು ಅವನದೇ ಚೀಟಿ ಹಣ ಅಂತ ಹೇಳಿ ಸಾರ್" ಎಂದಿದ್ದರು. ಹಾಗೆ ಸೂಚಿಸಿದರೆ ಬ್ಯಾಗಿಗೆ ಕಟ್ಟು ಹಾಕಿದ್ದನ್ನು ನಾವೇ ಒಪ್ಪಿದ ಹಾಗಾಗುತ್ತದೆ. ಮಹಾರಾಷ್ಟ್ರದಿಂದ ಹೋದ ಬಾಳು ಸುದಾಮ್ ಖಾಳ್ದೆ ಕೇಸಿನಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್, ವಕೀಲರು ಪಾಟೀಸವಾಲಿನಲ್ಲಿ ಕೊಟ್ಟ ಸಲಹೆ ಆರೋಪಿಯ ವಿರುದ್ಧವೂ ಲೆಕ್ಕಕ್ಕೆ ಬರಬಹುದು ಎಂದಿದೆ. ನಾನು ಇಟ್ಟದ್ದು ಇಷ್ಟೇ: ನೀವು ಅಂಥದ್ದೇನೂ ನೋಡಿಲ್ಲ, ಕ್ಯಾಶಿಯರ್ ಜಾಗಕ್ಕಾಗಿ ಸುಳ್ಳು ಹೇಳುತ್ತಿದ್ದೀರಿ. ಸುಳ್ಳಲ್ಲ ಎಂದ. ಆದರೂ ಈ ಸಲಹೆ ಬಿಡುವಂತಿಲ್ಲ. ಒಂದು ಸಂಗತಿಯನ್ನು ಪ್ರಶ್ನಿಸದೆ ಬಿಟ್ಟರೆ ಒಪ್ಪಿದ್ದೀರಿ ಎಂದು ಮುಂದೆ ವಾದ ಬರುತ್ತದೆ.

ತನಿಖಾಧಿಕಾರಿ ಬಂದಾಗ, ಕಟ್ಟು ಬ್ಯಾಗಿಗೆ ಹಾಕಿದ ಮಾತನ್ನು ಸಾಕ್ಷಿ ತಮ್ಮ ಮುಂದೆ ಹೇಳಿರಲಿಲ್ಲ ಎಂದು ಒಪ್ಪಿದರು. ತೀರ್ಪಿನಲ್ಲಿ ಕ್ಯಾಶಿಯರನಿಗೆ ಸಂಶಯದ ಲಾಭ ಸಿಕ್ಕಿತು. ಕಾರಣವಾಗಿ ನ್ಯಾಯಾಧೀಶರು ಬರೆದದ್ದು ಎರಡು: ಆ ಬಿಟ್ಟುಹೋದ ಮಾತು, ಮತ್ತು ಗಲ್ಲಾದ ಹಿತಾಸಕ್ತಿ. ಎಲ್ಲ ಲೋಪಕ್ಕೂ ಈ ಬೆಲೆ ಸಿಗುವುದಿಲ್ಲ ಎನ್ನುವುದನ್ನೂ ಹೇಳಬೇಕು. ಬಿಟ್ಟುಹೋದದ್ದು ಬ್ಯಾಗಿನ ಬಣ್ಣವೋ ಗಂಟೆಯೋ ಆಗಿದ್ದರೆ ಅದನ್ನು ವಿರೋಧಾಭಾಸ ಎಂದು ಪರಿಗಣಿಸುತ್ತಿರಲಿಲ್ಲ. ಬಿಟ್ಟದ್ದು ಕಳ್ಳತನದ ಕೃತ್ಯವನ್ನೇ ಆದ್ದರಿಂದ ನಿಂತಿತು.