ನೆಗಡಿ ಹೋಯಿತು, ಮೂಗು ಮಾತ್ರ ಬಿಡಲಿಲ್ಲ: ಸ್ಪ್ರೇ ಬಿಡಿಸುವುದು ಹೇಗೆ?

ಕಕ್ಕಡದ ಮಳೆಯಲ್ಲಿ ಕೊಡಗಿನ ಯಾವ ಮನೆಗೆ ಹೋದರೂ ಒಬ್ಬರಾದರೂ ಮೂಗು ಒರೆಸಿಕೊಳ್ಳುತ್ತಾ ಕೂತಿರುತ್ತಾರೆ. ಕಳೆದ ವರ್ಷ ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಆ ಒಬ್ಬ ನಾನೇ. ಜುಲೈ ಮೊದಲ ವಾರ ಶುರುವಾದ ನೆಗಡಿ ಆಗಸ್ಟ್ ಬಂದರೂ ಬಿಟ್ಟಿರಲಿಲ್ಲ. ಬಿಟ್ಟಿಲ್ಲ ಅಂತ ನಾನು ಅಂದುಕೊಂಡಿದ್ದೆ.

ಔಷಧಿ ಅಂಗಡಿಯಲ್ಲಿ ಕೇಳಿದಾಗ 10 ಎಂಎಲ್‌ನ ಪುಟ್ಟ ಸ್ಪ್ರೇ ಬಾಟಲಿ ಕೊಟ್ಟರು. ಒಂದೊಂದು ಹೊಳ್ಳೆಗೆ ಒಂದೊಂದು ಸಲ ಒತ್ತಿದರೆ ಎರಡೇ ನಿಮಿಷದಲ್ಲಿ ಮೂಗು ಹೆಬ್ಬಾಗಿಲಿನ ಹಾಗೆ ತೆರೆಯಿತು. ಮೊದಲ ವಾರ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸಾಕಾಗುತ್ತಿತ್ತು. ಎರಡನೇ ವಾರ ದಿನಕ್ಕೆ ಮೂರು ಸಲ, ಮೂರನೇ ವಾರ ನಾಲ್ಕು. ಐದನೇ ವಾರಕ್ಕೆ ಏಳು ಸಲ ಆಯಿತು. ದಿಂಬಿನ ಪಕ್ಕ ಒಂದು ಬಾಟಲಿ, ಜೀಪಿನಲ್ಲಿ ಒಂದು. ಇದರ ಜೊತೆಗೆ ಬೆಳಿಗ್ಗೆ ಏಳುವಾಗಲೇ ಹಣೆ ಮತ್ತು ಎರಡು ಕಣ್ಣಿನ ನಡುವೆ ಭಾರವಾದ ತಲೆನೋವು. ಎದ್ದು ಓಡಾಡಿದರೆ ಸ್ವಲ್ಪ ಇಳಿಯುತ್ತಿತ್ತು. ಸೈನಸ್ ಇರಬೇಕು ಅಂತ ಮಾತ್ರೆ ನುಂಗುತ್ತಿದ್ದೆ.

ಕೊನೆಗೆ ಮಡಿಕೇರಿಯಲ್ಲಿ ಕಿವಿ-ಮೂಗು-ಗಂಟಲು ಡಾಕ್ಟರ ಮುಂದೆ ಕೂತೆ. ಅವರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಇದುವರೆಗೆ ಎಷ್ಟು ಬಾಟ್ಲಿ ಆಯ್ತು?”

“ಮೂರು ಮುಗೀತಾ ಬಂತು ಸಾರ್.”

“ಹಾಗಾದ್ರೆ ನಿಮ್ಮ ನೆಗಡಿ ಹೋಗಿ ತಿಂಗಳಾಗಿರ್ಬೇಕು. ಈಗ ಮೂಗು ಕಟ್ತಾ ಇರೋದು ಇದ್ರಿಂದ್ಲೇ.”

ಮೊದಲು ಬಾಟಲಿ ಲೆಕ್ಕ ಹಾಕಿ

ನಿಮಗೂ ಹೀಗೇ ಆಗಿದೆಯಾ ಅಂತ ತಿಳಿಯಲು ಬಾಟಲಿ ತಿರುಗಿಸಿ ಓದಿ. ಆಕ್ಸಿಮೆಟಜೋಲಿನ್ ಅಥವಾ ಕ್ಸೈಲೋಮೆಟಜೋಲಿನ್ ಅಂತ ಇದ್ದರೆ ಈ ಲೇಖನ ನಿಮಗೇ. ಹನಿ ಹಾಕುವ ಡ್ರಾಪ್ಸ್ ಆದರೂ ಮದ್ದು ಅದೇ. ಮೆಂಥಾಲ್, ಕರ್ಪೂರದ ವಾಸನೆಯ ಕಡ್ಡಿ ಇನ್ಹೇಲರ್ ಬೇರೆ. ಅದು ಮೂಗಿಗೆ ತಂಪು ಅನ್ನಿಸುತ್ತದೆ ಅಷ್ಟೇ, ಈ ತಂಟೆ ತರುವುದಿಲ್ಲ.

ಈ ಸ್ಪ್ರೇಗಳನ್ನು ಸಾಮಾನ್ಯವಾಗಿ ಮೂರು ದಿನ, ಹೆಚ್ಚೆಂದರೆ ಐದು ದಿನ ಬಳಸಬೇಕು. ಒಮ್ಮೆ ಒತ್ತಿದರೆ ಹತ್ತಿರಹತ್ತಿರ 0.1 ಎಂಎಲ್ ಬರುತ್ತದೆ ಅಂದುಕೊಳ್ಳಿ. ಆಗ 10 ಎಂಎಲ್ ಬಾಟಲಿಯಲ್ಲಿ ಸುಮಾರು ನೂರು ಸಲ ಒತ್ತುವಷ್ಟು ಮದ್ದು ಇರುತ್ತದೆ. ದಿನಕ್ಕೆ ಎರಡು ಹೊತ್ತು, ಎರಡೂ ಹೊಳ್ಳೆಗೆ ಒಂದೊಂದು ಅಂದರೆ ದಿನಕ್ಕೆ ನಾಲ್ಕು. ಮೂರು ದಿನಕ್ಕೆ ಹನ್ನೆರಡು. ಅಂದರೆ ಒಂದು ನೆಗಡಿ ಮುಗಿದಾಗಲೂ ಬಾಟಲಿ ಮುಕ್ಕಾಲಿಗಿಂತ ಜಾಸ್ತಿ ತುಂಬಿರಬೇಕು. ಒಂದೇ ನೆಗಡಿಗೆ ಬಾಟಲಿ ಖಾಲಿಯಾಯಿತು ಅಂದರೆ ಅಲ್ಲೇ ಉತ್ತರ ಇದೆ ಅಲ್ವಾ?

ಇನ್ನೊಂದು ಗುರುತು, ಮದ್ದು ಕೆಲಸ ಮಾಡುವ ಹೊತ್ತು ಕಡಿಮೆಯಾಗುತ್ತಾ ಬರುವುದು. ಮೊದಲು ಹತ್ತು-ಹನ್ನೆರಡು ಗಂಟೆ ಇದ್ದದ್ದು ಮೂರು ಗಂಟೆಗೆ ಇಳಿಯುತ್ತದೆ. ಸೀನಿಲ್ಲ, ನೀರು ಸೋರುವುದಿಲ್ಲ, ಜ್ವರವಿಲ್ಲ. ಮದ್ದಿನ ಹೊತ್ತು ಮುಗಿದ ಕೂಡಲೇ ಎರಡೂ ಹೊಳ್ಳೆ ಗೋಡೆ ಕಟ್ಟಿದ ಹಾಗೆ ಮುಚ್ಚಿಕೊಳ್ಳುತ್ತವೆ.

ಒಳಗೆ ಆಗುವುದೇನು

ಮೂಗು ಕಟ್ಟುವುದು ಸಿಂಬಳದಿಂದ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಜಾಸ್ತಿ ಪಾಲು ಊತದ್ದು. ಮೂಗಿನ ಒಳಗೋಡೆಯಲ್ಲಿ ಸುರುಳಿ ಆಕಾರದ ದಿಂಡುಗಳಿವೆ, ಅವುಗಳ ಪೊರೆಯ ತುಂಬ ರಕ್ತನಾಳ. ಅವು ತುಂಬಿಕೊಂಡರೆ ದಾರಿ ಕಿರಿದಾಗುತ್ತದೆ. ಸ್ಪ್ರೇ ಆ ನಾಳಗಳನ್ನು ಹಿಂಡಿ ಚಿಕ್ಕದು ಮಾಡುತ್ತದೆ. ದಿನಗಟ್ಟಲೆ ಹೀಗೆ ಹೊರಗಿನಿಂದ ಹಿಂಡುತ್ತಿದ್ದರೆ ನಾಳಗಳು ಆ ಮದ್ದಿಗೆ ಒಗ್ಗಿಹೋಗುತ್ತವೆ, ತಾವಾಗಿ ಕುಗ್ಗುವ ಕೆಲಸವನ್ನೂ ಬಿಡುತ್ತವೆ. ಮದ್ದು ಇಳಿದ ಕೂಡಲೇ ಮೊದಲಿಗಿಂತ ಜಾಸ್ತಿ ಉಬ್ಬುತ್ತವೆ. ನಾವು ಮತ್ತೆ ಒತ್ತುತ್ತೇವೆ. ನನ್ನ ಮೂಗಿನ ಪೊರೆ ಹಸಿ ಮಾಂಸದಷ್ಟು ಕೆಂಪಗಿತ್ತಂತೆ.

ಇನ್ನು ತಲೆನೋವು. ಮಲಗಿದಾಗ ತಲೆಯ ಕಡೆಗೆ ರಕ್ತ ಹೆಚ್ಚು ಸೇರುವುದರಿಂದ ಊತ ಏರುತ್ತದೆ, ಸೈನಸ್‌ನ ಬಾಯಿಗಳೂ ಮುಚ್ಚಿ ಒತ್ತಡ ಆಗುತ್ತದೆ. ಇಡೀ ರಾತ್ರಿ ಬಾಯಲ್ಲಿ ಉಸಿರಾಡಿ ನಿದ್ದೆಯೂ ಕೆಡುತ್ತದೆ. ಬೆಳಗಿನ ತಲೆನೋವು ಅಲ್ಲಿಂದ. ಅದಕ್ಕೆ ದಿನಾ ಮಾತ್ರೆ ನುಂಗಿದರೆ ಇನ್ನೊಂದು ಉರುಳು. ಬರೀ ಪ್ಯಾರಸಿಟಮಾಲ್ ಆದರೆ ತಿಂಗಳಿಗೆ 15 ದಿನ, ಕೆಫೀನ್ ಸೇರಿದಂಥ ಮಿಶ್ರ ಮಾತ್ರೆಯಾದರೆ 10 ದಿನ ದಾಟಿ ತಿಂಗಳುಗಟ್ಟಲೆ ನಡೆದರೆ, ಮಾತ್ರೆಯೇ ತಲೆನೋವು ತರಬಹುದು. ನಾನು ನುಂಗಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಎಣಿಸಿದೆ, ಆಗಸ್ಟ್ ಅರ್ಧಕ್ಕೇ ಒಂಬತ್ತು. ಅಲ್ಲಿಗೆ ನಿಲ್ಲಿಸಿದೆ.

ಬಿಡುವುದು ಹೇಗೆ: ಒಂದು ಹೊಳ್ಳೆ, ಆಮೇಲೆ ಇನ್ನೊಂದು

ಒಂದೇ ಏಟಿಗೆ ಎರಡೂ ಕಡೆ ಬಿಡಬಹುದು. ಗಟ್ಟಿಗರು ಬಿಡುತ್ತಾರೆ. ನಾನು ಒಮ್ಮೆ ಹಾಗೆ ಮಾಡಲು ಹೋಗಿ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಜೀಪಿನ ಬಾಟಲಿ ಹುಡುಕಿದ್ದೇನೆ. ಹಾಗಾಗಿ ಡಾಕ್ಟರು ಹೇಳಿದ ಎರಡನೇ ದಾರಿ ಹಿಡಿದೆ.

ಮೊದಲ ವಾರ ಹಳೇ ಸ್ಪ್ರೇ ನಿಲ್ಲಿಸಲಿಲ್ಲ, ದಿನಕ್ಕೆ ಎರಡು ಸಲಕ್ಕೆ ಇಳಿಸಿದೆ. ಅದರ ಜೊತೆ ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇ ಶುರು ಮಾಡಿದೆ. ಫ್ಲೂಟಿಕಾಸೋನ್, ಮೊಮೆಟಸೋನ್, ಬುಡೆಸೊನೈಡ್ ಈ ಜಾತಿಯವು. ಇವು ಊತ ಇಳಿಸುತ್ತವೆ, ಆದರೆ ಒತ್ತಿದ ಕೂಡಲೇ ಅಲ್ಲ. ಹಲವು ದಿನ, ಕೆಲವರಿಗೆ ಎರಡು ವಾರ ಬೇಕು. ಕೆಲಸ ಮಾಡ್ತಿಲ್ಲ ಅಂತ ಮೂರನೇ ದಿನಕ್ಕೆ ಬಿಡುವವರೇ ಜಾಸ್ತಿ. ಮೂಗು ಪೂರ್ತಿ ಕಟ್ಟಿದ್ದರೆ ಈ ಮದ್ದು ಒಳಗೆ ಹೋಗುವುದೇ ಇಲ್ಲ. ಅದಕ್ಕೇ ಹಳೇ ಸ್ಪ್ರೇ ಒತ್ತಿ ಐದು-ಹತ್ತು ನಿಮಿಷ ಬಿಟ್ಟು ಇದನ್ನು ಹಾಕಿಕೊಳ್ಳುತ್ತಿದ್ದೆ.

ಹಾಕಿಕೊಳ್ಳುವ ರೀತಿಯಲ್ಲೇ ಹೆಚ್ಚಿನವರು ತಪ್ಪುವುದು. ತಲೆ ಹಿಂದಕ್ಕೆ ಎತ್ತಬೇಡಿ, ಮದ್ದು ಗಂಟಲಿಗೆ ಇಳಿದು ಕಹಿಯಾಗುತ್ತದೆ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಾಕಿ. ಆಗ ತುದಿ ತಾನಾಗಿ ಆ ಕಡೆಯ ಕಿವಿಯತ್ತ ತಿರುಗುತ್ತದೆ. ನಡುಗೋಡೆಗೆ ಬಿದ್ದರೆ ರಕ್ತ ಒಸರುವುದುಂಟು. ಒತ್ತುವಾಗ ಮೆಲ್ಲಗೆ ಉಸಿರೆಳೆದರೆ ಸಾಕು, ನಶ್ಯ ಎಳೆದ ಹಾಗೆ ಎಳೆಯಬೇಡಿ.

ಎಂಟನೇ ದಿನ ಬಲ ಹೊಳ್ಳೆಗೆ ಹಳೇ ಸ್ಪ್ರೇ ಪೂರ್ತಿ ನಿಲ್ಲಿಸಿದೆ. ಎಡಕ್ಕೆ ರಾತ್ರಿ ಒಂದು ಸಲ ಮಾತ್ರ. ಸ್ಟೀರಾಯ್ಡ್ ಎರಡಕ್ಕೂ ಮುಂದುವರಿಯಿತು. ಬಲಗಡೆ ಕಲ್ಲು ಸಿಕ್ಕಿಸಿದ ಹಾಗೆ ಮುಚ್ಚಿತು. ಎರಡನೇ, ಮೂರನೇ ರಾತ್ರಿ ತುಂಬಾ ಕಷ್ಟ. ಆದರೆ ಎಡಗಡೆ ತೆರೆದಿರುತ್ತದೆ, ಉಸಿರಿಗೆ ತೊಂದರೆ ಇಲ್ಲ. ಈ ಉಪಾಯದ ಗುಟ್ಟೇ ಅದು. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿದೆ. ಕೆಳಗಿರುವ ಪಕ್ಕದ ಮೂಗು ಯಾವಾಗಲೂ ಜಾಸ್ತಿ ಕಟ್ಟುತ್ತದೆ, ಹಾಗಾಗಿ ಎಡ ಮಗ್ಗುಲಾಗದೆ ಬಲಕ್ಕೇ ಮಲಗುತ್ತಿದ್ದೆ. ಆರನೇ ದಿನ ಬೆಳಿಗ್ಗೆ ಕಾಫಿ ಲೋಟ ಬಾಯಿಗಿಟ್ಟಾಗ ಬಲಗಡೆಯಿಂದಲೇ ವಾಸನೆ ಬಂತು. ಸುಮ್ನೆ ಹೇಳುತ್ತಿಲ್ಲ, ಒಂದು ತಿಂಗಳಿಂದ ಕಾಫಿ ಬರೀ ಬಿಸಿನೀರಾಗಿತ್ತು.

ಆಮೇಲೆ ಎಡಗಡೆಯದ್ದನ್ನೂ ನಿಲ್ಲಿಸಿದೆ. ಒಟ್ಟು ಮೂರು ವಾರ ಹಿಡಿಯಿತು. ತಿಂಗಳುಗಟ್ಟಲೆ ಬಳಸಿದವರಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಒಂದು ಮಾತು: ಆರೋಗ್ಯವಾಗಿರುವ ಮೂಗಿನಲ್ಲೂ ಕೆಲವು ಗಂಟೆಗೊಮ್ಮೆ ಒಂದು ಹೊಳ್ಳೆ ಸ್ವಲ್ಪ ಮುಚ್ಚಿ ಇನ್ನೊಂದು ತೆರೆಯುತ್ತದೆ. ಮತ್ತೆ ಕಟ್ಟಿತು ಅಂತ ಗಾಬರಿಯಾಗಿ ಬಾಟಲಿಗೆ ಕೈ ಹಾಕಬೇಡಿ.

ಉಪ್ಪುನೀರು, ನೀರಿನ ಎಚ್ಚರ

ಬಿಡುವ ದಿನಗಳಲ್ಲಿ ಕೈಗೆ ಒಂದು ಕೆಲಸ ಬೇಕಲ್ಲ, ಅದಕ್ಕೆ ಉಪ್ಪುನೀರು. 250 ಎಂಎಲ್ ನೀರಿಗೆ ಮಟ್ಟಸವಾಗಿ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು. ಅಂಗಡಿಯಲ್ಲಿ ಸಿಗುವ ಅಳತೆಯ ಪೊಟ್ಟಣ ಇದ್ದರೆ ಇನ್ನೂ ಒಳ್ಳೆಯದು. ಸಿಂಕಿನ ಮೇಲೆ ಬಗ್ಗಿ, ಬಾಯಲ್ಲಿ ಉಸಿರಾಡುತ್ತಾ, ಒಂದು ಹೊಳ್ಳೆಯಿಂದ ಮೆಲ್ಲಗೆ ಬಿಟ್ಟು ಇನ್ನೊಂದರಿಂದ ಹೊರಬಿಡಬೇಕು. ಆ ಕಡೆ ಬರದಿದ್ದರೆ ಬಲ ಹಾಕಬೇಡಿ, ಕಿವಿಗೆ ಒತ್ತಡ ಹೋಗುತ್ತದೆ.

ನಮ್ಮಲ್ಲಿ ಬಾವಿ ನೀರು, ಒರತೆ ನೀರು ಕಣ್ಣಿಗೆ ಹರಳಿನ ಹಾಗೆ ಕಾಣುತ್ತದೆ, ಕುಡಿಯಲೂ ಚೆನ್ನ. ಆದರೂ ಕುದಿಸದೆ ಮೂಗಿಗೆ ಬಿಡಲೇಬೇಡಿ. ಮೂಗಿನ ಮೂಲಕ ಮಿದುಳಿಗೆ ಹೋಗುವ ಅಮೀಬಾದಿಂದ ಪಕ್ಕದ ಕೇರಳದಲ್ಲಿ 2024ರಲ್ಲಿ ಮಕ್ಕಳು ಸತ್ತ ಸುದ್ದಿ ನೆನಪಿರಬಹುದು. ಬುಳಬುಳನೆ ಮೂರು ನಿಮಿಷ ಕುದಿಸಿ, ಮುಚ್ಚಿಟ್ಟು, ಉಗುರು ಬೆಚ್ಚಗಾದ ಮೇಲೆ ಬಳಸಿ. ಉಳಿದದ್ದನ್ನು ಚೆಲ್ಲಿ.

ಇಷ್ಟು ದಿನ ಮೂಗು ಕಟ್ಟಿದ್ದು ಯಾಕೆ

ಸ್ಪ್ರೇ ಬಿಟ್ಟ ಮೇಲೂ ಸೀನು, ತುರಿಕೆ, ನೀರು ಸೋರುವುದು ಉಳಿದರೆ ಅಡಿಯಲ್ಲಿ ಅಲರ್ಜಿ ಇರಬಹುದು. ಮೂರು ತಿಂಗಳು ಬಿಸಿಲು ಕಾಣದ ಮನೆ, ಗೋಡೆಯ ಬೂಷ್ಟು, ಪೆಟ್ಟಿಗೆಯಿಂದ ತೆಗೆದ ಕಂಬಳಿ, ಒಳಗೇ ಒಣಗಿಸುವ ಬಟ್ಟೆ. ನನಗೆ ಕಂಬಳಿಯೇ ಕಾರಣ ಅಂತ ಅನುಮಾನ. ಅದನ್ನು ಬದಲಾಯಿಸಿದೆ, ಸ್ಟೀರಾಯ್ಡ್ ಸ್ಪ್ರೇಯನ್ನು ಡಾಕ್ಟರು ಹೇಳಿದಷ್ಟು ದಿನ ಮುಂದುವರಿಸಿದೆ.

ಕೆಲವರು ಮನೆಯಲ್ಲೇ ಈ ಪ್ರಯತ್ನ ಮಾಡಬಾರದು. ಕಣ್ಣ ಸುತ್ತ ಊತ, ಎರಡೆರಡು ಕಾಣುವುದು, ಜ್ವರದ ಜೊತೆ ಕುತ್ತಿಗೆ ಬಿಗಿತ, ಇದ್ದಕ್ಕಿದ್ದಂತೆ ಬಂದ ಭಾರೀ ತಲೆನೋವು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದೇ ಕಡೆ ಯಾವಾಗಲೂ ಕಟ್ಟಿ ರಕ್ತ ಬರುತ್ತಿದ್ದರೆ ಡಾಕ್ಟರು ಒಳಗೆ ನೋಡಲೇಬೇಕು. ಬಿಪಿ, ಹೃದಯದ ತೊಂದರೆ, ಗ್ಲಾಕೋಮಾ ಇರುವವರು ಈ ಸ್ಪ್ರೇ ತೆಗೆದುಕೊಳ್ಳುವ ಮೊದಲೇ ಕೇಳಿ. ದೊಡ್ಡವರ ಬಾಟಲಿಯನ್ನು ಮಕ್ಕಳ ಕೈಗೆಟುಕದ ಕಡೆ ಇಡಿ. ಚಿಕ್ಕ ಮಗು ಸ್ವಲ್ಪ ನುಂಗಿದರೂ ತೂಕಡಿಕೆ ಹತ್ತಿ ಎದೆಬಡಿತ ನಿಧಾನವಾಗಬಹುದು.

ಈ ವರ್ಷವೂ ಮನೆಯಲ್ಲಿ ಒಂದು ಬಾಟಲಿ ಇದೆ. ಅದರ ಮೇಲೆ ಮಾರ್ಕರ್‌ನಲ್ಲಿ ಎರಡು ತಾರೀಕು ಬರೆದಿದ್ದೇನೆ: ತೆರೆದ ದಿನ, ಅದರ ಕೆಳಗೆ ಮೂರು ದಿನ ಬಿಟ್ಟು ಬರುವ ದಿನ. ಎರಡನೆಯದು ಬಂದಾಗ ಅದು ಮನೆಯವಳ ಬೀರುವಿಗೆ ಹೋಗುತ್ತದೆ, ಬೀಗದ ಕೈ ಅವಳ ಹತ್ತಿರ.