ಅಡಿಟಿಪ್ಪಣಿಯಿಂದ ಆವರಣಕ್ಕೆ: ಒಂದು ಪ್ರಬಂಧವನ್ನು ಬದಲಿಸಿದ ಬಗೆ

ರಾಷ್ಟ್ರೀಯತೆಯ ಸಿದ್ಧಾಂತಗಳ ಬಗ್ಗೆ ನಾನು ಬರೆದಿದ್ದ ಪ್ರಬಂಧದಲ್ಲಿ ಪ್ರತಿ ಪುಟದ ಕಾಲುಭಾಗವನ್ನು ಅಡಿಟಿಪ್ಪಣಿಗಳೇ ತುಂಬಿದ್ದವು. ಅದನ್ನು ಪ್ರಕಟಿಸಲಿದ್ದ ಪತ್ರಿಕೆ ಶಿಕಾಗೊ ಶೈಲಿಯ ಲೇಖಕ–ವರ್ಷ ಪದ್ಧತಿಯನ್ನು ಕೇಳಿತು. ಅಂದರೆ ಲೇಖಕರ ಹೆಸರು, ವರ್ಷ, ಪುಟ ಇವು ವಾಕ್ಯದಲ್ಲೇ ಆವರಣದೊಳಗೆ ಬರಬೇಕು, ಪೂರ್ಣ ವಿವರ ಕೊನೆಯ ಪಟ್ಟಿಗೆ ಹೋಗಬೇಕು.

ಮೊದಲು ಮೂಲ ಕಡತದ ಒಂದು ಪ್ರತಿ ತೆಗೆದು, ಅದರಲ್ಲಿದ್ದ ‘ಅದೇ’, ‘ಮೇಲಿನಂತೆಯೇ’ ಎಂಬ ಟಿಪ್ಪಣಿಗಳನ್ನೆಲ್ಲ ಬಿಡಿಸಿ ಬರೆದೆ. ಮುಂದೆ ಟಿಪ್ಪಣಿಗಳ ಜಾಗ ಬದಲಾಗುತ್ತ ಹೋದಂತೆ ‘ಅದೇ’ ಬೇರೊಂದು ಪುಸ್ತಕವನ್ನು ತೋರಿಸತೊಡಗುತ್ತದೆ, ಆಮೇಲೆ ಅದನ್ನು ಪತ್ತೆಹಚ್ಚುವುದು ಬಹಳ ಕಷ್ಟ. ವರ್ಡ್‌ನ ಹುಡುಕು ಪೆಟ್ಟಿಗೆಯಲ್ಲಿ `^f` ಎಂದು ಕೊಟ್ಟರೆ ಒಂದೊಂದೇ ಟಿಪ್ಪಣಿಯ ಗುರುತಿಗೆ ನೆಗೆಯುತ್ತ ಹೋಗಬಹುದು, ಯಾವುದೂ ಕಣ್ತಪ್ಪುವುದಿಲ್ಲ.

ಆಮೇಲೆ ಪ್ರತಿ ಟಿಪ್ಪಣಿಗೂ ಒಂದೇ ಪ್ರಶ್ನೆ: ಇದನ್ನು ಅಳಿಸಿದರೆ ಮೇಲಿನ ವಾಕ್ಯ ಏನನ್ನು ಕಳೆದುಕೊಳ್ಳುತ್ತದೆ? ಪುಸ್ತಕದ ವಿಳಾಸವನ್ನಷ್ಟೇ ಆದರೆ ಅದು ಆವರಣಕ್ಕೆ. ಇಂಥವೇ ಹೆಚ್ಚು, ಬೇಗ ಮುಗಿಯುತ್ತವೆ. ವಾದದ ಒಂದು ಹೆಜ್ಜೆಯನ್ನೇ ಕಳೆದುಕೊಳ್ಳುವುದಾದರೆ ಆ ಹೆಜ್ಜೆ ಪಠ್ಯದೊಳಗೇ ಬರಬೇಕು.

ನನ್ನ ಪ್ರಬಂಧದಲ್ಲಿ ಒಂದು ವಾಕ್ಯ ಹೀಗಿತ್ತು: “ರಾಷ್ಟ್ರವೆಂಬುದು ಕಲ್ಪಿತ ಸಮುದಾಯ.” ಅದರ ಅಡಿಯಲ್ಲಿದ್ದ ಟಿಪ್ಪಣಿ ಬೆನೆಡಿಕ್ಟ್ ಆಂಡರ್ಸನ್ ಅವರ ಪುಸ್ತಕವನ್ನು ಹೇಳಿ, ‘ಇದಕ್ಕೆ ಆಕ್ಷೇಪವಾಗಿ ನೋಡಿ’ ಎಂದು ಪಾರ್ಥ ಚಟರ್ಜಿ ಅವರ ಪುಸ್ತಕವನ್ನೂ ಸೇರಿಸಿತ್ತು. ಎರಡನ್ನೂ ಹಾಗೇ ಒಂದು ಆವರಣಕ್ಕೆ ತುಂಬಿದರೆ (ಆಂಡರ್ಸನ್ 2006, 6; ಚಟರ್ಜಿ 1993, 5–6) ಎಂದಾಗುತ್ತದೆ. ಇಲ್ಲಿ ಎರಡು ಹಾನಿ ಒಟ್ಟಿಗೆ ಆಗುತ್ತವೆ. ಅರ್ಧವಿರಾಮದ ಎರಡು ಕಡೆ ಕುಳಿತ ಹೆಸರುಗಳನ್ನು ಓದುಗರು ಒಂದೇ ಮಾತಿಗೆ ಇಬ್ಬರ ಸಾಕ್ಷಿ ಎಂದು ಓದುತ್ತಾರೆ, ವಿರೋಧಿಸಿದವರು ಬೆಂಬಲಿಗರಾಗಿಬಿಡುತ್ತಾರೆ. ಜೊತೆಗೆ, 1993ರ ಪುಸ್ತಕ 2006ರ ಪುಸ್ತಕಕ್ಕೆ ಉತ್ತರ ಕೊಟ್ಟಂತೆ ಕಾಣುತ್ತದೆ. ಆಂಡರ್ಸನ್ ಪುಸ್ತಕ ಮೊದಲು ಬಂದದ್ದು 1983ರಲ್ಲಿ. ನಾನು ಬಳಸಿದ್ದು 2006ರ ಮುದ್ರಣ. ಟಿಪ್ಪಣಿಯಲ್ಲಿ ಮರೆಯಲ್ಲಿದ್ದ ವರ್ಷ ಈಗ ವಾಕ್ಯದ ಮಧ್ಯೆ ನಿಂತಿರುವುದರಿಂದ, ಯಾರು ಮೊದಲು ಹೇಳಿದರು, ಯಾರು ಅದಕ್ಕೆ ಉತ್ತರಿಸಿದರು ಎಂಬುದರ ಮೇಲೆ ನಿಂತ ವಾದವೇ ತಲೆಕೆಳಗಾಗುತ್ತದೆ.

ಬದಲಾದ ರೂಪ ಇದು: “ರಾಷ್ಟ್ರವನ್ನು ಕಲ್ಪಿತ ರಾಜಕೀಯ ಸಮುದಾಯವೆಂದು ಆಂಡರ್ಸನ್ ([1983] 2006, 6) ನಿರೂಪಿಸುತ್ತಾರೆ. ಆ ಕಲ್ಪನೆಯ ಮಾದರಿಗಳೆಲ್ಲ ಯುರೋಪು, ಅಮೆರಿಕಗಳಲ್ಲೇ ಸಿದ್ಧವಾಗಿದ್ದರೆ ವಸಾಹತುಗಳ ಜನ ಕಲ್ಪಿಸಿಕೊಳ್ಳಲು ಏನು ಉಳಿಯಿತು ಎಂದು ಚಟರ್ಜಿ (1993, 5–6) ಕೇಳುತ್ತಾರೆ.” ಚೌಕಾವರಣದಲ್ಲಿ ಮೊದಲ ಪ್ರಕಟಣೆಯ ವರ್ಷ, ಅದರ ಪಕ್ಕದಲ್ಲಿ ಕೈಯಲ್ಲಿರುವ ಮುದ್ರಣದ ವರ್ಷ, ಪುಟಸಂಖ್ಯೆ ಯಾವಾಗಲೂ ಎರಡನೆಯದಕ್ಕೆ ಸೇರಿದ್ದು. ಎಪಿಎ ಶೈಲಿಯಾದರೆ ಇದನ್ನೇ 1983/2006 ಎಂದು ಬರೆಯುತ್ತಾರೆ. ವಾದದಲ್ಲಿ ಪಾಲ್ಗೊಳ್ಳುವವರ ಹೆಸರು ವಾಕ್ಯದ ಕರ್ತೃವಾಗಿ ಆವರಣದ ಹೊರಗೆ, ಬರಿಯ ಆಧಾರವಾದವರ ಹೆಸರು ಆವರಣದ ಒಳಗೆ. ಇಡೀ ಪ್ರಬಂಧದಲ್ಲಿ ಈ ಒಂದು ಭೇದವನ್ನು ಬಿಗಿಯಾಗಿ ಪಾಲಿಸಿದೆ.

ಹೆಚ್ಚು ಹೊತ್ತು ಹಿಡಿದದ್ದು ಪ್ಯಾರಾದ ಕೊನೆಯಲ್ಲಿ ಬರುವ ಗೊಂಚಲು ಟಿಪ್ಪಣಿಗಳು. ಆರು ವಾಕ್ಯಗಳ ಪ್ಯಾರಾಕ್ಕೆ ಕೊನೆಯಲ್ಲೊಂದು ಗುರುತು, ಕೆಳಗೆ ನಾಲ್ಕು ಪುಸ್ತಕ. ಅಡಿಟಿಪ್ಪಣಿಯಲ್ಲಿ ಇದು ನಡೆಯುತ್ತದೆ. ಅದೇ ನಾಲ್ಕು ಹೆಸರನ್ನು ಪ್ಯಾರಾದ ಕೊನೆಯ ಆವರಣಕ್ಕೆ ಹಾಕಿದರೆ, ಅವೆಲ್ಲ ಕೊನೆಯ ವಾಕ್ಯಕ್ಕೇ ಅಂಟಿಕೊಂಡು ಮೊದಲ ಐದು ವಾಕ್ಯಗಳು ಆಧಾರವಿಲ್ಲದೆ ನಿಲ್ಲುತ್ತವೆ. ಯಾವ ಮಾತು ಯಾವ ಪುಸ್ತಕದ್ದು ಎಂದು ಮೂಲ ತೆರೆದು ನೋಡದೆ ಹಂಚಲಾಗುವುದಿಲ್ಲ. ಹಂಚಿದ ಮೇಲೆ ಒಂದು ವಾಕ್ಯದ ಹಿಂದೆ ಯಾರೂ ಉಳಿಯಲಿಲ್ಲವೆಂದರೆ, ಅದು ನನ್ನದೇ ಅನುಮಾನ. ಅಲ್ಲಿ ‘ನನ್ನ ಊಹೆ’ ಎಂದು ಸ್ಪಷ್ಟವಾಗಿ ಬರೆದೆ.

ಎಲ್ಲ ಟಿಪ್ಪಣಿಗಳನ್ನೂ ತೆಗೆಯಬೇಕಾಗಿಲ್ಲ. ಶಿಕಾಗೊ, ಎಂಎಲ್‌ಎ ಎರಡೂ ವಿವರಣೆಯ ಟಿಪ್ಪಣಿಗಳಿಗೆ ಅವಕಾಶ ಕೊಡುತ್ತವೆ. ಅನುವಾದದ ಆಯ್ಕೆಗೆ ಕೊಟ್ಟ ಕಾರಣ, ಪತ್ರಾಗಾರದ ಹಸ್ತಪ್ರತಿಗಳ ಉದ್ದನೆಯ ವಿವರ ಇಂಥವನ್ನು ಉಳಿಸಿಕೊಂಡೆ. ಲೇಖಕರೇ ಇಲ್ಲದ ಸರ್ಕಾರಿ ಕಡತವನ್ನು ಹೆಸರು–ವರ್ಷದ ಅಚ್ಚಿಗೆ ಒತ್ತಾಯದಿಂದ ತುರುಕಿದರೆ ಓದುಗರಿಗೆ ಏನೂ ಸಿಗುವುದಿಲ್ಲ. ವಾದಕ್ಕೂ ಸೇರದೆ ಆಧಾರವೂ ಆಗದೆ, ಓದಿದ್ದನ್ನು ತೋರಿಸಲೆಂದೇ ಇದ್ದವನ್ನು ಕೈಬಿಟ್ಟೆ. ಪಠ್ಯಕ್ಕೆ ಏರಿದ ವಾಕ್ಯಗಳಿಗೆ ಪದಮಿತಿಯೊಳಗೆ ಜಾಗ ಸಿಕ್ಕಿದ್ದು ಹಾಗೆ.

ಕೊನೆಗೆ ಎರಡು ಪರೀಕ್ಷೆ. ಆವರಣಗಳನ್ನೆಲ್ಲ ಬಿಟ್ಟು ಪ್ರಬಂಧವನ್ನು ಗಟ್ಟಿಯಾಗಿ ಓದಿದೆ. ಯಾರು ಯಾರನ್ನು ಒಪ್ಪುತ್ತಾರೆ, ಯಾರನ್ನು ವಿರೋಧಿಸುತ್ತಾರೆ ಎಂಬುದು ಆಗಲೂ ಕಿವಿಗೆ ತಿಳಿಯಬೇಕು. ತಿಳಿಯದ ಕಡೆ ಕ್ರಿಯಾಪದ ಬದಲಿಸಿದೆ: ‘ಹೇಳುತ್ತಾರೆ’ ಇದ್ದಲ್ಲಿ ‘ತಳ್ಳಿಹಾಕುತ್ತಾರೆ’, ‘ತಿದ್ದುತ್ತಾರೆ’. ಆಮೇಲೆ ಆವರಣಗಳನ್ನೇ ಹಿಡಿದು ಒಂದೊಂದು ಹೆಸರು, ವರ್ಷವನ್ನೂ ಕೊನೆಯ ಪಟ್ಟಿಯೊಂದಿಗೆ ಹೋಲಿಸಿ, ಪಟ್ಟಿಯಿಂದ ಪಠ್ಯಕ್ಕೂ ಮತ್ತೊಮ್ಮೆ ಬಂದೆ. ಒಬ್ಬರೇ ಲೇಖಕರ ಒಂದೇ ವರ್ಷದ ಎರಡು ಲೇಖನಗಳಿದ್ದ ಕಡೆ ವರ್ಷದ ಕೊನೆಗೆ ಅಕ್ಷರ ಸೇರಿಸಿ ಎರಡನ್ನೂ ಬೇರ್ಪಡಿಸಿದೆ.